ಗ್ಯಾರೇಜ್ ಜೊತೆ ಇನ್ನೊಂದು ದುಡಿಮೆ: ಬಾಡಿಗೆ ಗಾಡಿಯೋ, ಹಳೆ ಗಾಡಿ ವ್ಯಾಪಾರವೋ, ತಪಾಸಣೆಯೋ?

ಕಾರವಾರ, ಅಂಕೋಲಾ, ಕುಮಟಾ ಕಡೆ ಟೂ ವೀಲರ್ ಗ್ಯಾರೇಜ್ ಇಟ್ಟುಕೊಂಡವರಿಗೆಲ್ಲ ಈ ಮಾತು ಗೊತ್ತಿರುತ್ತದೆ. "ಅಣ್ಣಾ, ಒಂದು ಸೆಕೆಂಡ್ ಹ್ಯಾಂಡ್ ಗಾಡಿ ನೋಡಿದ್ದೇನೆ, ಸ್ವಲ್ಪ ಬಂದು ನೋಡ್ತೀರಾ?" ನಾವು ಹೋಗುತ್ತೇವೆ. ಸ್ಟಾರ್ಟ್ ಮಾಡಿ ಶಬ್ದ ಕೇಳುತ್ತೇವೆ, ಒಂದು ರೌಂಡ್ ಓಡಿಸುತ್ತೇವೆ, "ಅಡ್ಡಿಲ್ಲ, ತಗೋ" ಎನ್ನುತ್ತೇವೆ. ದುಡ್ಡು ಕೇಳುವುದಿಲ್ಲ. ಮೂರು ತಿಂಗಳ ಮೇಲೆ ಆ ಗಾಡಿ ಕೈಕೊಟ್ಟರೆ "ನೀವೇ ತಗೋ ಅಂದಿದ್ರಲ್ಲ" ಎಂದು ಅದೇ ಮನುಷ್ಯ ಬಂದು ನಿಲ್ಲುತ್ತಾನೆ.

ನಾನು ಹದಿನೆಂಟು ವರ್ಷದಿಂದ ಕುಮಟಾದಲ್ಲಿ ಗ್ಯಾರೇಜ್ ನಡೆಸುತ್ತಿದ್ದೇನೆ. ಹಳೆ ಗಾಡಿ ಕೊಳ್ಳುವವನಿಗೆ ಮಾರುವವನ ಮೇಲೆ ನಂಬಿಕೆ ಇಲ್ಲ. ಬಾಡಿಗೆ ತೆಗೆದುಕೊಳ್ಳುವ ಪ್ರವಾಸಿಗನಿಗೆ ಗಾಡಿ ಕೊಡುವವನ ಮೇಲೆ ಇಲ್ಲ, ಕೊಡುವವನಿಗೂ ಅವನ ಮೇಲೆ ಇಲ್ಲ. ಇವರೆಲ್ಲರ ನಡುವೆ ಎರಡೂ ಕಡೆಯವರು ಮಾತು ಕೇಳುವ ಮನುಷ್ಯ ಮೆಕ್ಯಾನಿಕ್ ಒಬ್ಬನೇ. ಆ ನಂಬಿಕೆಯಿಂದ ಹೊಟ್ಟೆಪಾಡಿಗೆ ಇನ್ನೊಂದು ದಾರಿ ಮಾಡಿಕೊಳ್ಳಬಹುದು. ಮೂರು ದಾರಿ ಕಾಣುತ್ತವೆ: ಗಾಡಿ ಬಾಡಿಗೆಗೆ ಕೊಡುವುದು, ಹಳೆ ಗಾಡಿ ಕೊಂಡು ರಿಪೇರಿ ಮಾಡಿ ಮಾರುವುದು, ಅಥವಾ ಬೇರೆಯವರು ಕೊಳ್ಳುವ ಗಾಡಿಯನ್ನು ಫೀ ತೆಗೆದುಕೊಂಡು ತಪಾಸಣೆ ಮಾಡಿ ಬರೆದು ಕೊಡುವುದು. ಒಬ್ಬಿಬ್ಬರು ಹುಡುಗರಿರುವ ಸಣ್ಣ ಗ್ಯಾರೇಜಿಗೆ ಮೂರನೆಯದೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಯಾಕೆ ಎಂದು ಹೇಳುತ್ತೇನೆ.

ಬಾಡಿಗೆ ಗಾಡಿ

ಗೋಕರ್ಣದಲ್ಲಿ ಶನಿವಾರ, ಭಾನುವಾರ ನಿಂತು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಬೆಂಗಳೂರಿನ ಬಸ್ಸಿನಿಂದ, ಗೋಕರ್ಣ ರೋಡ್ ಸ್ಟೇಷನ್ನಿನಿಂದ ಬಂದವರಿಗೆಲ್ಲ ಓಂ ಬೀಚು, ಮಿರ್ಜಾನ್ ಕೋಟೆ, ಯಾಣಕ್ಕೆ ಹೋಗಲು ಸ್ಕೂಟರ್ ಬೇಕು. "ನಮ್ಮ ಹತ್ತಿರ ನಾಲ್ಕು ಹಳೆ ಸ್ಕೂಟರ್ ಇದೆ, ಕೊಟ್ಟರಾಯಿತಲ್ಲ" ಎಂದು ಅನಿಸುವುದು ಸಹಜ.

ಆದರೆ ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಕೊಡುವಂತಿಲ್ಲ. ಇದಕ್ಕೆ 1997ರ ರೆಂಟ್ ಎ ಮೋಟಾರ್ ಸೈಕಲ್ ಸ್ಕೀಮ್ ಇದೆ. ಅದರ ಲೈಸೆನ್ಸಿಗೆ ಕನಿಷ್ಠ 5 ಗಾಡಿ ಬೇಕು. ಅವು ಸಾರಿಗೆ ವಾಹನವಾಗಿ ನೋಂದಣಿಯಾಗಿರಬೇಕು, ಪರ್ಮಿಟ್ ಇರಬೇಕು. ಗೋವಾದಲ್ಲಿ ಕಾಣುವ ಕಪ್ಪು ಬೋರ್ಡಿನ ಹಳದಿ ಅಕ್ಷರದ ಗಾಡಿಗಳು ಇದೇ ಜಾತಿಯವು.

ದಂಡಕ್ಕಿಂತ ದೊಡ್ಡ ಭಯ ಇನ್ಶೂರೆನ್ಸಿನದು. ಖಾಸಗಿ ಗಾಡಿಯ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸಬಾರದು ಎಂಬ ಷರತ್ತು ಇರುತ್ತದೆ. ಪ್ರವಾಸಿಗ ಹೆದ್ದಾರಿಯಲ್ಲಿ ಯಾರಿಗೋ ಹೊಡೆದ ಎಂದುಕೊಳ್ಳಿ. ಗಾಡಿಯ ಡ್ಯಾಮೇಜಿಗೆ ಕಂಪನಿ ದುಡ್ಡು ಕೊಡುವುದಿಲ್ಲ. ಪೆಟ್ಟಾದವರಿಗೆ ಪರಿಹಾರ ಕೊಟ್ಟರೂ ಆಮೇಲೆ ಅದನ್ನು ಮಾಲೀಕನಿಂದ ವಸೂಲಿ ಮಾಡಲು ಕೋರ್ಟಿಗೆ ಹೋಗಬಹುದು. ದಿನಕ್ಕೆ ಐನೂರು ರೂಪಾಯಿ ಬಾಡಿಗೆಗೆ ಲಕ್ಷಗಟ್ಟಲೆ ಸಾಲ ತಲೆಯ ಮೇಲೆ ಬರಬಹುದು.

ಸರಿಯಾಗಿ ಲೈಸೆನ್ಸ್ ಮಾಡಿಸಿಯೇ ಮಾಡಿದರೆ ಹೇಗೆ? ಒಂದು ಲೆಕ್ಕ ಹಾಕೋಣ. ಅಕ್ಟೋಬರಿನಿಂದ ಮೇ ತನಕ ಎಂಟು ತಿಂಗಳು ಸೀಸನ್. ಒಂದು ಗಾಡಿ ತಿಂಗಳಿಗೆ ಹತ್ತು ದಿನ ಹೋಯಿತು, ದಿನಕ್ಕೆ 500 ಬಂತು ಎಂದರೆ ವರ್ಷಕ್ಕೆ 40,000. ಅದರಲ್ಲಿ ಇನ್ಶೂರೆನ್ಸ್, ಪರ್ಮಿಟ್, ಟೈರ್, ಬಿದ್ದು ಮುರಿದ ಲಿವರ್, ಕನ್ನಡಿ ಎಲ್ಲ ಹೋಗಬೇಕು. ಐದು ಹೊಸ ಸ್ಕೂಟರಿಗೆ ಐದು ಲಕ್ಷ ದಾಟುತ್ತದೆ. ಮಳೆಗಾಲದ ನಾಲ್ಕು ತಿಂಗಳು ಅವು ಸುಮ್ನೆ ನಿಂತಿರುತ್ತವೆ, ಸಾಲದ ಕಂತು ನಿಲ್ಲುವುದಿಲ್ಲ. ಗೋಕರ್ಣದಲ್ಲೇ ಸ್ವಂತ ಜಾಗ ಇದ್ದವರಿಗೆ ಇದು ಆದೀತು. ಕುಮಟಾದಲ್ಲಿ ಕುಳಿತು ಮಾಡುವ ಕೆಲಸ ಅಲ್ಲ.

ಆದರೆ ಬಾಡಿಗೆಯವರ ಸುತ್ತ ಗ್ಯಾರೇಜಿಗೆ ಒಂದು ಒಳ್ಳೆಯ ಕೆಲಸ ಇದೆ. ಬಾಡಿಗೆ ಅಂಗಡಿಯಲ್ಲಿ ದಿನಾ ನಡೆಯುವ ಜಗಳ ಒಂದೇ: "ಈ ಗೀರು ಮೊದಲೇ ಇತ್ತು", "ಇಲ್ಲ, ನೀವೇ ಬೀಳಿಸಿದ್ದು". ಡಿಪಾಸಿಟ್ ಹಿಡಿದಿಟ್ಟುಕೊಳ್ಳುತ್ತಾರೆ, ಪ್ರವಾಸಿಗ ಬೈದುಕೊಂಡು ಹೋಗುತ್ತಾನೆ. ಲೈಸೆನ್ಸ್ ಇರುವ ಬಾಡಿಗೆಯವರ ಗಾಡಿಗಳನ್ನು ವಾರಕ್ಕೊಮ್ಮೆ ನೋಡಿ, ಬ್ರೇಕ್, ಟೈರ್, ಲೈಟ್, ಇರುವ ಗೀರು ಎಲ್ಲವನ್ನೂ ತಾರೀಖು ಹಾಕಿ ಬರೆದು, ನಾಲ್ಕು ಕಡೆಯಿಂದ ಫೋಟೊ ತೆಗೆದು ಕೊಟ್ಟರೆ ಆ ಜಗಳ ಅರ್ಧ ಕಡಿಮೆಯಾಗುತ್ತದೆ. ಗಾಡಿಗೆ ತಿಂಗಳಿಗೆ ಇಷ್ಟು ಎಂದು ಮಾತಾಡಿಕೊಳ್ಳಬಹುದು. ಬಂಡವಾಳ ಅವರದ್ದು, ಕೈಕೆಲಸ ನಮ್ಮದು. ಮರಳು, ಉಪ್ಪುನೀರು ತಾಗಿದ ಗಾಡಿಗಳಾದ್ದರಿಂದ ಬ್ರೇಕ್ ಶೂ, ಕೇಬಲ್, ಬೇರಿಂಗ್ ಕೆಲಸ ಅದರ ಜೊತೆಗೇ ಬರುತ್ತದೆ.

ಕೊಂಡು ಮಾರುವುದು

ಇದರಲ್ಲಿ ಒಂದು ಗಾಡಿಯ ಲಾಭ ಜಾಸ್ತಿ. 30,000ಕ್ಕೆ ಸ್ಕೂಟರ್ ಕೊಂಡು, ಬೆಲ್ಟ್, ಬ್ಯಾಟರಿ, ಹಿಂದಿನ ಟೈರ್, ಸ್ವಲ್ಪ ಪೇಂಟ್ ಸೇರಿ 6,000 ಹಾಕಿ 42,000ಕ್ಕೆ ಕೊಟ್ಟರೆ ಆರು ಸಾವಿರ ಉಳಿಯಿತು. ಆದರೆ ಆ 36,000 ಎಷ್ಟು ದಿನ ಅಲ್ಲೇ ಕುಳಿತಿತ್ತು ಎಂದೂ ಕೇಳಿಕೊಳ್ಳಬೇಕು. ಮೇ ಕೊನೆಗೆ ಕೊಂಡ ಗಾಡಿ ದಸರಾ ತನಕ ಹೋಗದೇ ಇರಬಹುದು. ಆ ನಾಲ್ಕು ತಿಂಗಳ ಕರಾವಳಿ ಗಾಳಿಗೆ ಅದರ ಸ್ಟ್ಯಾಂಡ್, ಸೈಲೆನ್ಸರ್, ರಿಮ್ ಎಲ್ಲ ಮತ್ತೆ ತುಕ್ಕು ಹಿಡಿಯುತ್ತವೆ.

ಇದಕ್ಕಿಂತ ದೊಡ್ಡ ತೊಂದರೆ ಕಾಗದದ್ದು. ನಮ್ಮ ಕಡೆ ಹಳೆ ಗಾಡಿ ವ್ಯಾಪಾರ ಹೆಚ್ಚಾಗಿ ಓಪನ್ ಫಾರ್ಮ್ ಮೇಲೆ ನಡೆಯುತ್ತದೆ. ಮಾರುವವನು ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿ ಕೊಡುತ್ತಾನೆ, ಕೊಳ್ಳುವವನ ಹೆಸರು ಖಾಲಿ. ನಡುವಿನವನು ತನ್ನ ಹೆಸರಿಗೆ ಮಾಡಿಸಿಕೊಳ್ಳದೆ ಗಿರಾಕಿ ಸಿಕ್ಕಾಗ ಹೆಸರು ತುಂಬುತ್ತಾನೆ. ಅಷ್ಟರೊಳಗೆ ಟೆಸ್ಟ್ ರೈಡಿಗೆ ಹೋದವನು ಅಪಘಾತ ಮಾಡಿಕೊಂಡರೆ? ಆರ್‌ಸಿಯಲ್ಲಿ ಹೆಸರಿರುವವನೇ ಮಾಲೀಕ, ಪರಿಹಾರದ ಹೊಣೆ ಅವನದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಗಾಡಿ ಎರಡು ಮೂರು ಕೈ ದಾಟಿದ್ದರೂ ಅಷ್ಟೇ. ನಿಮ್ಮನ್ನು ನಂಬಿ ಗಾಡಿ ಬಿಟ್ಟುಹೋದ ಊರಿನ ಮೇಷ್ಟ್ರೊಬ್ಬರಿಗೆ ಕೋರ್ಟಿನ ನೋಟಿಸ್ ಬಂದರೆ ಗ್ಯಾರೇಜಿನ ಹೆಸರು ಅಲ್ಲಿಗೇ ಹೋಯಿತು.

ಇದನ್ನು ಸರಿಮಾಡಲೆಂದೇ 2023ರ ಏಪ್ರಿಲ್ 1ರಿಂದ ಹೊಸ ನಿಯಮ ಬಂದಿದೆ. ಹಳೆ ಗಾಡಿ ವ್ಯಾಪಾರ ಮಾಡುವವನು ಆರ್‌ಟಿಒದಿಂದ ಡೀಲರ್ ಅಧಿಕಾರಪತ್ರ ಪಡೆಯಬೇಕು, ಅದಕ್ಕೆ ಐದು ವರ್ಷದ ಅವಧಿ. ಗಾಡಿ ಅವನ ಕೈಗೆ ಬಂದಾಗ ಫಾರ್ಮ್ 29ಸಿ ಮೂಲಕ ತಿಳಿಸಿದರೆ ಅಲ್ಲಿಂದ ಮುಂದೆ ಹೊಣೆ ಡೀಲರಿನದು. ವರ್ಷಕ್ಕೆ ನಲವತ್ತು ಐವತ್ತು ಗಾಡಿ ಮಾರುವ ಧೈರ್ಯ, ಎರಡು ಮೂರು ಲಕ್ಷ ಕೈಯಲ್ಲಿ ಇರುವವರು ಈ ದಾರಿ ಹಿಡಿಯಬಹುದು. ಅಧಿಕಾರಪತ್ರ ಇಲ್ಲದೆ, ಓಪನ್ ಫಾರ್ಮ್ ಮೇಲೆ, ಸೈಡಿನಲ್ಲಿ ನಾಲ್ಕು ಗಾಡಿ ಮಾರುತ್ತೇನೆ ಎನ್ನುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ.

ತಪಾಸಣೆ ಮಾಡಿ ಬರೆದು ಕೊಡುವುದು

ಇದಕ್ಕೆ ಬೇಕಾಗುವ ಬಂಡವಾಳ ಒಂದು ಕಾರ್ಬನ್ ಪುಸ್ತಕ, ಟೈರ್ ಗೇಜ್, ಮಲ್ಟಿಮೀಟರ್, ಒಳ್ಳೆಯ ಟಾರ್ಚ್. ಉಳಿದದ್ದು ನಮ್ಮ ಕೈಯಲ್ಲೇ ಇದೆ. ನಾನು 400 ರೂಪಾಯಿ ತೆಗೆದುಕೊಳ್ಳುತ್ತೇನೆ, ಒಂದು ಗಂಟೆ ಹಿಡಿಯುತ್ತದೆ. ಫೀ ಕೊಡುವವನು ಕೊಳ್ಳುವವನೇ ಆಗಿರಬೇಕು, ಮಾರುವವನಿಂದಾಗಲಿ ಬ್ರೋಕರಿನಿಂದಾಗಲಿ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬಾರದು. ಈ ಒಂದು ವಿಷಯದಲ್ಲಿ ಸಡಿಲ ಬಿಟ್ಟರೆ ಬರೆದ ಕಾಗದಕ್ಕೆ ಬೆಲೆಯೇ ಇಲ್ಲ. ಹಾಗಾಗಿ ಕೊಂಡು ಮಾರುವ ಕೆಲಸವನ್ನೂ ಇದನ್ನೂ ಒಂದೇ ಗ್ಯಾರೇಜಿನಲ್ಲಿ ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ಲ.

ಹೇಗೆ ನಡೆಯುತ್ತದೆ ಎನ್ನುವುದಕ್ಕೆ ಒಂದು ಗಾಡಿಯ ಕಥೆ ಹೇಳುತ್ತೇನೆ. ಅಂಕೋಲಾ ಕಡೆಯ ನರ್ಸ್ ಒಬ್ಬರು 2018ರ 110 ಸಿಸಿ ಸ್ಕೂಟರ್ ನೋಡಿದ್ದರು. ಬ್ರೋಕರ್ 42,000 ಹೇಳಿದ್ದ. ಮೀಟರಿನಲ್ಲಿ 19,000 ಕಿಲೋಮೀಟರ್. ಪೇಂಟ್ ಫಳಫಳ, ಸೀಟ್ ಕವರ್ ಹೊಸದು. "ಒಬ್ಬರೇ ಮೇಡಂ ಓಡಿಸಿದ ಗಾಡಿ" ಎಂದು ಅವನು ಹೇಳಿದ್ದನಂತೆ.

ಗಾಡಿ ತರುವ ಮೊದಲೇ ಅವರಿಗೆ ಒಂದು ಮಾತು ಹೇಳಿದ್ದೆ: ಎಂಜಿನ್ ತಣ್ಣಗಿರಬೇಕು, ಟೆಂಪೊದಲ್ಲಿ ಹಾಕಿಕೊಂಡು ಬಂದರೂ ಸರಿ. ಬಿಸಿ ಮಾಡಿ ತಂದ ಗಾಡಿ ಸ್ಟಾರ್ಟಿಂಗ್ ತೊಂದರೆಯನ್ನು ಮುಚ್ಚಿಡುತ್ತದೆ. ವಾಲ್ವ್ ಸೀಲ್ ಸವೆದಿದ್ದರೆ ತಣ್ಣಗಿನ ಸ್ಟಾರ್ಟಿನಲ್ಲಿ ಬರುವ ನೀಲಿ ಹೊಗೆಯೂ ಆಗ ಕಾಣುವುದಿಲ್ಲ.

ಮೊದಲು ಕಾಗದ. mParivahan ಆ್ಯಪಿನಲ್ಲಿ ನಂಬರ್ ಹಾಕಿದಾಗ ಫೈನಾನ್ಸ್ ಇನ್ನೂ ಇದೆ ಎಂದು ತೋರಿಸಿತು. ಮಾರುವವರು "ಸಾಲ ತೀರಿಸಿ ಎರಡು ವರ್ಷ ಆಯಿತು" ಎಂದರು. ಇರಬಹುದು. ಆದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಆರ್‌ಟಿಒಗೆ ಕೊಟ್ಟು ಅದನ್ನು ತೆಗೆಸುವ ತನಕ ಗಾಡಿ ಇನ್ನೊಬ್ಬರ ಹೆಸರಿಗೆ ಆಗುವುದಿಲ್ಲ. ಆಮೇಲೆ ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಆರ್‌ಸಿ ಜೊತೆ ಅಂಕಿ ಅಂಕಿಯಾಗಿ ಓದಿ ಹೋಲಿಸಿದೆವು. ಅದು ಸರಿ ಇತ್ತು.

ಆಮೇಲೆ ಡಿಪ್‌ಸ್ಟಿಕ್ ತೆಗೆದೆ. ಆಯಿಲ್ ಜೇನಿನ ಬಣ್ಣದ್ದು, ನಿನ್ನೆ ಮೊನ್ನೆ ಹಾಕಿದ್ದು. ಅದೇನೂ ತಪ್ಪಲ್ಲ. ಆದರೆ ಮಾರುವ ಮುಂಚೆ ಆಯಿಲ್ ಬದಲಾಯಿಸಿದ್ದರೆ ಹಳೆ ಆಯಿಲ್ ಹೇಳಬಹುದಾಗಿದ್ದ ಸುದ್ದಿ ಹೋಯಿತು ಎಂದೇ ಅರ್ಥ. ಎಂಜಿನ್ನಿಗೆ ನೀರು ಹೋಗಿದ್ದರೆ ಆಯಿಲ್ ಹಾಲು ಹಾಕಿದ ಚಹಾದ ಹಾಗೆ ಆಗಿರುತ್ತದೆ. ಹೊಸದರಲ್ಲಿ ಅದು ಸಿಗುವುದಿಲ್ಲ. ಹಾಗಾಗಿ ಬೇರೆ ಕಡೆ ಹುಡುಕಬೇಕಾಯಿತು.

ಮುಂದಿನ ಕವರ್ ಬಿಚ್ಚಿ ಟಾರ್ಚ್ ಬಿಟ್ಟಾಗ ವೈರಿಂಗ್ ಕಪ್ಲರಿನ ಒಳಗೆ ಪಿನ್ನುಗಳ ಮೇಲೆ ಹಸಿರು ಪುಡಿ ಕಂಡಿತು. ತಾಮ್ರ ನೀರಿನಲ್ಲಿ ಕುಳಿತರೆ ಹಾಗೆ ಆಗುತ್ತದೆ. ಆದರೆ ಕರಾವಳಿಯಲ್ಲಿ ಬರೀ ಗಾಳಿಗೂ ಸ್ವಲ್ಪ ಹಸಿರು ಬರುತ್ತದೆ, ಅದೊಂದರಿಂದಲೇ ತೀರ್ಮಾನ ಮಾಡಬಾರದು. ಮಾರುವವರ ಒಪ್ಪಿಗೆ ಕೇಳಿ ಎಡಗಡೆಯ ಬೆಲ್ಟ್ ಕೇಸ್ ಬಿಚ್ಚಿದೆ. ಬೆಲ್ಟ್ ಹೊಸದು, ರೋಲರ್ ಹೊಸದು. ಕೇಸಿನ ಕೆಳಗಿನ ಮೂಲೆಯಲ್ಲಿ ಮಾತ್ರ ಬೂದು ಬಣ್ಣದ ನುಣ್ಣನೆಯ ಮಣ್ಣು ಒಣಗಿ ಪದರವಾಗಿ ಕುಳಿತಿತ್ತು. ಉಗುರಿನಿಂದ ಕೆರೆದರೆ ಸಿಪ್ಪೆಯ ಹಾಗೆ ಎದ್ದಿತು. ರಸ್ತೆಯ ಧೂಳು ಒರಟು, ಬೆಲ್ಟಿನ ಕಪ್ಪು ಪುಡಿ ಅದರಲ್ಲಿ ಸೇರಿರುತ್ತದೆ. ಇದು ಹೊಳೆಯ ಕೆಸರು. ಏರ್ ಫಿಲ್ಟರ್ ಬಾಕ್ಸಿನ ಗೋಡೆಯ ಮೇಲೆ ಅದೇ ಬಣ್ಣದ ಗೆರೆ ಇತ್ತು, ನೀರು ಎಲ್ಲಿ ತನಕ ನಿಂತಿತ್ತು ಎಂದು ಅಳೆದಿಟ್ಟ ಹಾಗೆ.

2019ರ ಆಗಸ್ಟಿನಲ್ಲಿ, 2021ರ ಜುಲೈನಲ್ಲಿ ಗಂಗಾವಳಿ ಉಕ್ಕಿ ದಂಡೆಯ ಮನೆಗಳಿಗೆ ನೀರು ನುಗ್ಗಿದ್ದು ನಮಗೆಲ್ಲ ನೆನಪಿದೆ. ಮಾರುವವರನ್ನು ಮೆಲ್ಲಗೆ ಕೇಳಿದೆ. "ಅಂಗಳದಲ್ಲಿ ಇತ್ತು, ಎರಡು ದಿನ ನೀರಲ್ಲೇ ಇತ್ತು. ಆಮೇಲೆ ಎಲ್ಲ ರಿಪೇರಿ ಮಾಡ್ಸಿದ್ದೇವೆ ಮಾರಾಯ್ರೆ" ಎಂದು ಒಪ್ಪಿಕೊಂಡರು. ಅವರೂ ನೆರೆಯಲ್ಲಿ ನೊಂದವರು, ಅವರನ್ನು ಕಳ್ಳರ ಹಾಗೆ ನೋಡಬೇಕಾಗಿರಲಿಲ್ಲ. ವಿಷಯ ಮುಚ್ಚಿಟ್ಟದ್ದು ಮಾತ್ರ ತಪ್ಪು.

ಕೊನೆಗೆ ಚಾಸಿ. ಫುಟ್‌ಬೋರ್ಡಿನ ಮ್ಯಾಟ್, ಪ್ಲಾಸ್ಟಿಕ್ ತೆಗೆದು ಕೆಳಗಿನ ಪೈಪಿನ ಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದೆ. ಗಟ್ಟಿ ಪೈಪ್ ಟಣ್ ಎನ್ನುತ್ತದೆ. ವೆಲ್ಡಿಂಗ್ ಹತ್ತಿರ ಒಂದು ಕಡೆ ಶಬ್ದ ಸತ್ತಿತ್ತು, ಮೇಲೆ ಹೊಸ ಕಪ್ಪು ಪೇಂಟ್ ಹೊಡೆದಿದ್ದರು. ತುದಿ ಇಟ್ಟು ಒತ್ತಿದಾಗ ತುಕ್ಕಿನ ಹಾಳೆ ಉದುರಿತು. ತೂತು ಬಿದ್ದಿರಲಿಲ್ಲ, ಆದರೆ ಒಂದೆರಡು ಮಳೆಗಾಲ ಕಳೆದರೆ ಬೀಳುತ್ತದೆ. ಎಂಜಿನ್ ಕೆಟ್ಟರೆ ಕಟ್ಟಬಹುದು. ಚಾಸಿ ಹೋದ ಗಾಡಿಯನ್ನು ತಗೋ ಎಂದು ನಾನು ಯಾರಿಗೂ ಹೇಳುವುದಿಲ್ಲ, ಅದರಲ್ಲೂ ರಾತ್ರಿ ಪಾಳಿ ಮುಗಿಸಿ ಒಬ್ಬರೇ ಮನೆಗೆ ಹೋಗುವವರಿಗೆ.

ಕಾಗದದಲ್ಲಿ ನಾನು ಮೂರು ಭಾಗ ಮಾಡುತ್ತೇನೆ: ಈಗಲೇ ಮಾಡಿಸಬೇಕಾದದ್ದು, ಆರು ತಿಂಗಳೊಳಗೆ ಬರುವ ಖರ್ಚು, ಬಿಚ್ಚದ ಕಾರಣ ನೋಡಲಿಕ್ಕೆ ಆಗದೇ ಇದ್ದದ್ದು. ಮೂರನೆಯ ಭಾಗ ತುಂಬಾ ಮುಖ್ಯ. ಇವರದ್ದರಲ್ಲಿ ಮೊದಲ ಭಾಗಕ್ಕೆ ಚಾಸಿ ವೆಲ್ಡಿಂಗ್ ಮತ್ತು ಎರಡೂ ಚಕ್ರದ ಬೇರಿಂಗ್, ಎರಡನೆಯದಕ್ಕೆ ವೈರಿಂಗ್ ಸೆಟ್, ಮೂರನೆಯದಕ್ಕೆ ಎಂಜಿನ್ನಿನ ಒಳಗಿನ ಬೇರಿಂಗ್ ಎಂದು ಬರೆದೆ. "ತಗೋಬೇಡಿ" ಎಂದು ನಾನು ಬರೆಯುವುದಿಲ್ಲ. ಕಂಡದ್ದು, ಆಗುವ ಖರ್ಚು ಎರಡೇ ಬರೆಯುತ್ತೇನೆ, ತೀರ್ಮಾನ ಅವರದ್ದು. ಅವರು ಬಿಟ್ಟರು. ಹದಿನೈದು ದಿನದ ಮೇಲೆ ಆ ಮಾರುವವರೇ ಗಾಡಿ ತಂದು ಚಾಸಿ, ಬೇರಿಂಗ್ ಕೆಲಸ ನನ್ನ ಹತ್ತಿರವೇ ಮಾಡಿಸಿ, ನೆರೆಯ ವಿಷಯ ಹೇಳಿಯೇ 27,000ಕ್ಕೆ ಬೇರೆಯವರಿಗೆ ಕೊಟ್ಟರು.

ಎಲ್ಲಿ ಸೋಲುತ್ತದೆ

ಒಂದು ಸಲ ನಾನೇ ತಪ್ಪಿದ್ದೇನೆ. 150 ಸಿಸಿ ಬೈಕು, ಎಲ್ಲ ಚೆನ್ನಾಗಿತ್ತು, ಕುಮಟಾ ಪೇಟೆಯ ಸಮತಟ್ಟು ರಸ್ತೆಯಲ್ಲಿ ಓಡಿಸಿ ಬರೆದು ಕೊಟ್ಟೆ. ಕೊಂಡ ಹುಡುಗ ಶಿರಸಿಯವನು. ಮೂರು ವಾರದಲ್ಲಿ ಫೋನ್ ಬಂತು: ದೇವಿಮನೆ ಘಟ್ಟ ಹತ್ತುವಾಗ ಮೂರನೇ ಗೇರ್ ಜಿಗಿಯುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗಿ, ಲೋಡ್ ಬಿದ್ದಾಗ ಮಾತ್ರ ಬರುವ ತೊಂದರೆ ಅದು. ನನ್ನ ಐದು ನಿಮಿಷದ ಸುತ್ತಿನಲ್ಲಿ ಸಿಗಲೇ ಇಲ್ಲ. ಫೀ ವಾಪಸ್ ಕೊಟ್ಟೆ, ಗೇರ್ ಬಾಕ್ಸ್ ಕೆಲಸದ ಮಜೂರಿ ತೆಗೆದುಕೊಳ್ಳಲಿಲ್ಲ, ಪಾರ್ಟ್ಸ್ ದುಡ್ಡು ಮಾತ್ರ ಅವನು ಕೊಟ್ಟ. ಅವತ್ತಿನಿಂದ ಹದಿನೈದು ನಿಮಿಷ ಓಡಿಸುತ್ತೇನೆ, ಕೊನೆಗೆ ಒಂದು ಏರು ಇದ್ದೇ ಇರುತ್ತದೆ, ಪ್ರತಿ ಗೇರಿನಲ್ಲೂ ಒಮ್ಮೆ ಪೂರ್ತಿ ಎಕ್ಸಲೇಟರ್. ಕಾಗದದ ಕೆಳಗೆ "ಇದು ಈ ದಿನ ಕಂಡದ್ದು, ವಾರಂಟಿ ಅಲ್ಲ" ಎಂದು ಮುದ್ರಿಸಿದ್ದೇನೆ. ಅದನ್ನು ಓದಿ ಹೇಳಿದ ಮೇಲೆಯೇ ಫೀ ತೆಗೆದುಕೊಳ್ಳುತ್ತೇನೆ.

ಇನ್ನೊಂದು ಮಿತಿ ಮೀಟರ್. ಡಿಜಿಟಲ್ ಮೀಟರ್ ಬದಲಾಯಿಸಿದ್ದರೆ ನೂರಕ್ಕೆ ನೂರು ಹೇಳಲಿಕ್ಕೆ ಆಗುವುದಿಲ್ಲ. ಫುಟ್‌ರೆಸ್ಟ್ ರಬ್ಬರ್, ಬ್ರೇಕ್ ಪೆಡಲ್, ಡಿಸ್ಕಿನ ದಪ್ಪ ನೋಡಿ "ಮೀಟರಿಗೂ ಸವೆತಕ್ಕೂ ಹೊಂದುವುದಿಲ್ಲ" ಎಂದು ಬರೆಯಬಹುದು, ಅಷ್ಟೇ.

ಆದಾಯದ ವಿಷಯ ಮುಚ್ಚಿಡುವುದಿಲ್ಲ. ತಿಂಗಳಿಗೆ ಹತ್ತು ಹನ್ನೆರಡು ತಪಾಸಣೆ ಬಂದರೆ ನಾಲ್ಕೈದು ಸಾವಿರ. ಇದೊಂದರಿಂದ ಮನೆ ನಡೆಯುವುದಿಲ್ಲ. ಆದರೆ ಗಾಡಿ ಕೊಂಡವರಲ್ಲಿ ಹೆಚ್ಚಿನವರು ಆ ಕಾಗದದಲ್ಲಿರುವ ಕೆಲಸ ಮಾಡಿಸಲು ನಮ್ಮ ಹತ್ತಿರವೇ ಬರುತ್ತಾರೆ. ಅದಕ್ಕೇ ಅಂದಾಜು ಖರ್ಚನ್ನು ಬೇರೆ ಗ್ಯಾರೇಜಿನಲ್ಲೂ ವಿಚಾರಿಸಿ ಎಂದು ನಾನು ಬಾಯಿಬಿಟ್ಟು ಹೇಳುತ್ತೇನೆ. ಕೆಲಸ ಸಿಗಲಿ ಎಂದು ದೋಷ ಹೆಚ್ಚು ಬರೆದ ಎನ್ನುವ ಅನುಮಾನ ಬರಬಾರದು.

ನಿಮ್ಮ ಊರಿಗೆ ಯಾವುದು

ಕಾರವಾರದಲ್ಲಿದ್ದರೆ ತಪಾಸಣೆಗೆ ಒಳ್ಳೆಯ ಜಾಗ. ನೌಕಾನೆಲೆ, ಕೈಗಾ ಕಡೆ ವರ್ಗವಾಗಿ ಬರುವವರು, ಹೋಗುವವರು ಇದ್ದೇ ಇರುತ್ತಾರೆ, ಊರಿನಲ್ಲಿ ಗುರುತಿಲ್ಲದವರಿಗೆ ನಂಬುವ ಮನುಷ್ಯ ಬೇಕು. ಅಲ್ಲಿ ಕಾಗದದ ಕೆಲಸವನ್ನು ಚೆನ್ನಾಗಿ ಕಲಿಯಬೇಕು. ಮಾಜಾಳಿ ದಾಟಿದರೆ ಗೋವಾ, GA ನಂಬರಿನ ಗಾಡಿ ಕಡಿಮೆ ಬೆಲೆಗೆ ಸಿಗುತ್ತದೆ. ಅಲ್ಲಿನ ಆರ್‌ಟಿಒ ಎನ್‌ಒಸಿ, ಇಲ್ಲಿನ ಲೈಫ್ ಟ್ಯಾಕ್ಸ್, KA-30 ನೋಂದಣಿ ಎಲ್ಲ ಸೇರಿಸಿದ ಮೇಲೆ ಅದು ಅಗ್ಗವೋ ಅಲ್ಲವೋ ಎಂದು ಬರೆದು ಕೊಡಬೇಕು. ಅದು ಮೊದಲು ಕಪ್ಪು ಬೋರ್ಡಿನ ಬಾಡಿಗೆ ಗಾಡಿ ಆಗಿತ್ತೇ ಎಂದೂ ನೋಡಬೇಕು. ಪೇಂಟ್ ಹೊಸದಿದ್ದರೂ ನಂಬರ್ ಪ್ಲೇಟ್ ಕೂರುವ ಜಾಗ, ಆರ್‌ಸಿಯಲ್ಲಿನ ವಾಹನದ ವರ್ಗ ಸುಳ್ಳು ಹೇಳುವುದಿಲ್ಲ.

ಗೋಕರ್ಣ, ಮುರ್ಡೇಶ್ವರದ ಹತ್ತಿರ ಇದ್ದರೆ ಲೈಸೆನ್ಸ್ ಇರುವ ಬಾಡಿಗೆಯವರ ಗಾಡಿ ನೋಡಿಕೊಳ್ಳುವ ಕೆಲಸದಿಂದ ಶುರು ಮಾಡಿ. ಶಿರಸಿಯಲ್ಲಿ ಮಾತ್ರ ಕೊಂಡು ಮಾರುವುದಕ್ಕೆ ಸ್ವಲ್ಪ ಬಲ ಇದೆ. ಘಟ್ಟದ ಮೇಲಿನ ಗಾಡಿಗೆ ಉಪ್ಪಿನ ತುಕ್ಕು ಇಲ್ಲ, ಹಾಗಾಗಿ ಕೆಳಗಿನವರೂ ಅದನ್ನು ಹುಡುಕಿಕೊಂಡು ಬರುತ್ತಾರೆ. ಆದರೆ ಕ್ಲಚ್ ಪ್ಲೇಟು, ಬ್ರೇಕು ಬೇಗ ಸವೆದಿರುತ್ತವೆ, ಬೆಲೆ ಕಟ್ಟುವಾಗ ಅದನ್ನು ಸೇರಿಸಿಕೊಳ್ಳಿ. ಅಡಿಕೆ ಮಾರಿದ ತಿಂಗಳುಗಳಲ್ಲಿ ಗಿರಾಕಿ ಬರುತ್ತಾರೆ, ಉಳಿದ ದಿನ ಗಾಡಿ ನಿಂತಿರುತ್ತದೆ.

ತಪಾಸಣೆ ಶುರು ಮಾಡುವವರು ಮೊದಲ ಹತ್ತು ಕಾಗದ ಪುಕ್ಕಟೆ ಬರೆದು ಕೊಡಿ, ಆರು ತಿಂಗಳ ಮೇಲೆ ಆ ಹತ್ತು ಜನರಿಗೂ ಫೋನ್ ಮಾಡಿ. ನೀವು ಬರೆದದ್ದರಲ್ಲಿ ಯಾವುದು ನಿಜವಾಯಿತು, ಬರೆಯದೆ ಬಿಟ್ಟದ್ದು ಯಾವುದು ಕೆಟ್ಟಿತು ಎಂದು ಕೇಳಿ ಅದೇ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ನಾನು ನಾನೂರು ರೂಪಾಯಿ ಕೇಳಲು ಶುರು ಮಾಡಿದ್ದು ಆ ಫೋನುಗಳನ್ನು ಮಾಡಿದ ಮೇಲೆ.